ನೆರಳುನುಡಿಯ ಎಪ್ಪತ್ತು ವರ್ಷ: ಆಲಿಕೆಯ ಪ್ರಯೋಗದಿಂದ ಮಾತಿನ ಪರೀಕ್ಷೆಯವರೆಗೆ

ಪರಭಾಷೆಯ ಮೌಖಿಕ ಪರೀಕ್ಷೆ ಹತ್ತಿರವಾದಾಗ ಅಭ್ಯರ್ಥಿಗಳು ಕೈಗೊಳ್ಳುವ ಸಿದ್ಧತೆಗಳಲ್ಲಿ ಒಂದು ಬಗೆ ಈಚಿನ ವರ್ಷಗಳಲ್ಲಿ ವ್ಯಾಪಕವಾಗಿದೆ. ಆ ಭಾಷೆಯ ಮಾತುಗಾರರ ಧ್ವನಿಮುದ್ರಿಕೆಯೊಂದನ್ನು ಕಿವಿಗೆ ಹಾಕಿಕೊಂಡು, ಕೇಳಿಸುತ್ತಿರುವ ಮಾತನ್ನು ಅದು ಮುಗಿಯುವವರೆಗೆ ಕಾಯದೆ, ಬೆನ್ನುಬೆನ್ನಿಗೆ ತಾವೂ ಗಟ್ಟಿಯಾಗಿ ನುಡಿಯುತ್ತ ಹೋಗುವುದು ಆ ಬಗೆ. ಇಂಗ್ಲಿಷಿನಲ್ಲಿ ಶ್ಯಾಡೋಯಿಂಗ್ ಎಂದು ಕರೆಯುವ ಈ ಕ್ರಿಯೆಯನ್ನು ಈ ಲೇಖನದಲ್ಲಿ ನಾವು ನೆರಳುನುಡಿ ಎಂದು ಕರೆಯುತ್ತೇವೆ. ಇದರಿಂದ ಮಾತು ನಿರರ್ಗಳವಾಗುತ್ತದೆ, ಪರಭಾಷೆಯ ಏರಿಳಿತ ನಾಲಿಗೆಗೆ ಹತ್ತುತ್ತದೆ ಎಂಬುದು ಅದನ್ನು ಆಚರಿಸುವವರ ನಂಬಿಕೆ.

ಆದರೆ ನೆರಳುನುಡಿಯನ್ನು ಪ್ರಯೋಗಶಾಲೆಯ ಸಾಧನವಾಗಿ ನೆಲೆಗೊಳಿಸಿದ 1953ರ ಬರೆಹ ಹೇಳುವುದು ಇದಕ್ಕೆ ವಿರುದ್ಧವಾದ ಸಂಗತಿಯನ್ನು. ಹಾಗೆ ನುಡಿದವರ ಮಾತು ಏಕಸ್ವರವಾಗಿತ್ತು. ಅದರಲ್ಲಿ ಭಾವವಾಗಲಿ ಒತ್ತಾಗಲಿ ಬಹುಮಟ್ಟಿಗೆ ಕಾಣಲಿಲ್ಲ. ತಾವು ನುಡಿದದ್ದು ಯಾವ ವಿಷಯವನ್ನು ಕುರಿತದ್ದೆಂಬುದೂ ಎಷ್ಟೋ ವೇಳೆ ನುಡಿದವರಿಗೆ ತಿಳಿದಿರಲಿಲ್ಲ. ಏರಿಳಿತವನ್ನು ಅಳಿಸಿಹಾಕುವುದೆಂದು ಮೊದಲಿಗೆ ದಾಖಲಾದ ಕ್ರಿಯೆಯೊಂದು ಏರಿಳಿತವನ್ನು ಕಲಿಸುವ ಉಪಾಯವಾಗಿ ಮಾರ್ಪಟ್ಟದ್ದು ಹೇಗೆ? ಈ ಪ್ರಶ್ನೆಯ ಜಾಡು ಹಿಡಿದು ನೆರಳುನುಡಿಯ ಇತಿಹಾಸವನ್ನು ನೋಡಿದರೆ, ಅದು ಯಾವ ಷರತ್ತಿನಲ್ಲಿ ಫಲಿಸುತ್ತದೆ, ಎಲ್ಲಿ ಫಲಿಸಿದಂತೆ ತೋರಿ ಕೈಕೊಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ ಎಂಬುದು ನಮ್ಮ ವಾದ.

ಸಂತೆಯೂ ನೆರಳುನುಡಿಯೂ

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ಕೇಳಿ ನುಡಿಯುವ ಕಲಿಕೆ ನಮಗೆ ಹೊಸದಲ್ಲ. ವೇದಪಾಠದಲ್ಲಿ ಸಂತೆ ಹೇಳಿಕೊಡುವ ಕ್ರಮವಿದೆ: ಗುರು ಒಮ್ಮೆ ಹೇಳುತ್ತಾನೆ, ನಿಲ್ಲಿಸುತ್ತಾನೆ, ಶಿಷ್ಯರು ಎರಡು ಬಾರಿ ಹೇಳುತ್ತಾರೆ. ಇಪ್ಪತ್ತನೆಯ ಶತಮಾನದ ನಡುವಿನ ಭಾಷಾ ಪ್ರಯೋಗಶಾಲೆಗಳ ಟೇಪುಗಳೂ ಇದೇ ವಿನ್ಯಾಸದವು: ಮಾದರಿ ವಾಕ್ಯ, ಬಳಿಕ ಬಿಡುವು, ಆ ಬಿಡುವಿನಲ್ಲಿ ವಿದ್ಯಾರ್ಥಿಯ ಮರುನುಡಿ. ಇವೆರಡರಲ್ಲಿಯೂ ಕಲಿಯುವವನು ಒಂದು ಇಡೀ ಘಟಕವನ್ನು ಕೇಳಿ, ನೆನಪಿನಲ್ಲಿ ಹಿಡಿದು, ಅನಂತರ ಮೌನದಲ್ಲಿ ಅದನ್ನು ಕಟ್ಟಿ ನುಡಿಯುತ್ತಾನೆ. ಮಾತು ಎಲ್ಲಿ ಮುಗಿಯುತ್ತದೆ ಎಂಬುದು ಅವನಿಗೆ ಬಾಯಿ ತೆರೆಯುವ ಮೊದಲೇ ತಿಳಿದಿರುತ್ತದೆ.

ನೆರಳುನುಡಿಯಲ್ಲಿ ಬಿಡುವಿಲ್ಲ. ಕೇಳುವುದೂ ನುಡಿಯುವುದೂ ಒಂದರ ಮೇಲೊಂದು ಬೀಳುತ್ತವೆ. ವಾಕ್ಯದ ಕೊನೆ ಇನ್ನೂ ಕಿವಿಗೆ ಬೀಳದಿರುವಾಗಲೇ ಅದರ ಮೊದಲು ಬಾಯಿಂದ ಹೊರಟಿರುತ್ತದೆ. ಹೊರನೋಟಕ್ಕೆ ಸಣ್ಣದೆನಿಸುವ ಈ ವ್ಯತ್ಯಾಸವೇ ಮುಂದಿನ ಚರ್ಚೆಗೆಲ್ಲ ಆಧಾರ.

1953: ಎರಡು ಕಿವಿ, ಎರಡು ಮಾತು

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಚೆರ್ರಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆಸಿ 1953ರಲ್ಲಿ ಪ್ರಕಟಿಸಿದ ಪ್ರಯೋಗಗಳಿಗೆ ಭಾಷಾಬೋಧನೆಯೊಂದಿಗೆ ಯಾವ ಸಂಬಂಧವೂ ಇರಲಿಲ್ಲ. ಹಲವರು ಒಟ್ಟಿಗೆ ಮಾತಾಡುತ್ತಿರುವ ಕೋಣೆಯಲ್ಲಿ ನಾವು ಒಬ್ಬರ ಮಾತನ್ನು ಮಾತ್ರ ಹಿಡಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಒಂದು ಬಗೆಯ ಪ್ರಯೋಗದಲ್ಲಿ ಬಲಗಿವಿಗೆ ಒಂದು ಮಾತನ್ನೂ ಎಡಗಿವಿಗೆ ಇನ್ನೊಂದನ್ನೂ ಏಕಕಾಲಕ್ಕೆ ಕೇಳಿಸಿ, ಒಂದನ್ನು ಮಾತ್ರ ಬೆನ್ನುಬೆನ್ನಿಗೆ ನುಡಿಯುವಂತೆ ಅವರು ಹೇಳಿದರು. ಕೇಳುಗನ ಗಮನ ಆ ಒಂದು ಕಿವಿಯಲ್ಲಿಯೇ ನೆಟ್ಟಿದೆ ಎಂಬುದಕ್ಕೆ ನೆರಳುನುಡಿ ಸಾಕ್ಷಿ. ಆ ಸಾಕ್ಷಿ ಕೈಯಲ್ಲಿರುವಾಗ ಇನ್ನೊಂದು ಕಿವಿಯಲ್ಲಿ ಏನೇನು ಗಮನಕ್ಕೆ ಬಂತು ಎಂದು ವಿಚಾರಿಸಬಹುದು. ಅಲ್ಲಿ ಗಂಡುಧ್ವನಿ ಹೋಗಿ ಹೆಣ್ಣುಧ್ವನಿ ಬಂದದ್ದನ್ನು ಕೇಳುಗರು ಗುರುತಿಸಿದರು. ಇಂಗ್ಲಿಷ್ ಮಾತು ನಡುವೆ ಜರ್ಮನ್‌ಗೆ ತಿರುಗಿದ್ದನ್ನು ಗುರುತಿಸಲಿಲ್ಲ.

ನಮಗೆ ಮುಖ್ಯವಾದದ್ದು ಚೆರ್ರಿ ಪ್ರಾಸಂಗಿಕವಾಗಿ ಬರೆದಿಟ್ಟ, ನಾವು ಮೇಲೆ ಹೇಳಿದ ಏಕಸ್ವರದ ಸಂಗತಿ. ಅದಕ್ಕೆ ಕಾರಣ ಊಹಿಸಲಾಗದ್ದಲ್ಲ. ಇಂಗ್ಲಿಷಿನಂಥ ಭಾಷೆಯಲ್ಲಿ ಸ್ವರದ ಏರಿಳಿತ ಪದಪದಕ್ಕೆ ಅಂಟಿಕೊಂಡದ್ದಲ್ಲ. ಅದು ಒಂದು ಉಪವಾಕ್ಯದಷ್ಟು ಉದ್ದದ ಮಾತಿನ ಮೇಲೆ ಹರಡಿರುತ್ತದೆ. ಮುಖ್ಯ ಒತ್ತು ಯಾವ ಪದದ ಮೇಲೆ ಬೀಳಬೇಕು, ಅನಂತರದ ಪದಗಳು ಎಷ್ಟು ಕೆಳಗಿಳಿಯಬೇಕು ಎಂಬುದನ್ನು ನಿರ್ಧರಿಸಲು ಮಾತು ಎತ್ತ ಹೋಗುತ್ತಿದೆ ಎಂಬ ಅರಿವು ಬೇಕು. ಮೊದಲ ಬಾರಿ ಕೇಳುತ್ತಿರುವ ಅಪರಿಚಿತ ಗದ್ಯವನ್ನು ತುಣುಕುತುಣುಕಾಗಿ ಹಿಡಿದು ಹೊರಗೆ ಹಾಕುತ್ತಿರುವವನಿಗೆ ಈ ಅರಿವು ಇರುವುದಿಲ್ಲ. ಅವನಿಗೆ ದಕ್ಕುವುದು ಪದಗಳು. ಪದಗಳನ್ನು ಕಟ್ಟಿಹಿಡಿಯುವ ಏರಿಳಿತ ಜಾರಿಹೋಗುತ್ತದೆ. ಚೆರ್ರಿಯ ಪ್ರಯೋಗದಲ್ಲಿ ನುಡಿದವರು ತಮ್ಮದೇ ಭಾಷೆಯನ್ನು ನುಡಿಯುತ್ತಿದ್ದರೆಂಬುದನ್ನು ಇಲ್ಲಿ ಮರೆಯಬಾರದು. ಸ್ವಭಾಷೆಯಲ್ಲಿಯೇ ಹೀಗಾದರೆ, ಪರಭಾಷೆಯ ಅಭ್ಯರ್ಥಿಯೊಬ್ಬ ಹೊಸ ಧ್ವನಿಮುದ್ರಿಕೆಯನ್ನು ಮೊದಲ ಬಾರಿಗೆ ಕಿವಿಗೆ ಹಾಕಿಕೊಂಡು ನುಡಿದಾಗ ಹೊರಡುವ ಮಾತು ಚಪ್ಪಟೆಯಾಗಿರುವುದು ಸಹಜ.

ಅಂತರದ ಅಳತೆ

ಮುಂದಿನ ಎರಡು ದಶಕಗಳಲ್ಲಿ ಸಂಶೋಧಕರ ಗಮನ ಮಾದರಿಗೂ ನೆರಳಿಗೂ ನಡುವಿನ ಕಾಲದ ಅಂತರದ ಮೇಲೆ ನೆಟ್ಟಿತು. ಲೆನಿನ್‌ಗ್ರಾಡಿನಲ್ಲಿ ಲ್ಯುದ್ಮಿಲಾ ಚಿಸ್ತೊವಿಚ್ ಮತ್ತು ಅವರ ಸಂಗಡಿಗರು ಅರ್ಥವಿಲ್ಲದ ಧ್ವನಿಸರಣಿಗಳನ್ನು ಕೆಲವರು ಸುಮಾರು 150ರಿಂದ 200 ಮಿಲಿಸೆಕೆಂಡುಗಳಷ್ಟು ಕಡಿಮೆ ಅಂತರದಲ್ಲಿ ಅನುಕರಿಸಬಲ್ಲರೆಂದು ತೋರಿಸಿದರು. 1973ರಲ್ಲಿ ವಿಲಿಯಂ ಮಾರ್ಸ್ಲೆನ್-ವಿಲ್ಸನ್ ಅರ್ಥವಿರುವ ಗದ್ಯವನ್ನೇ ಕೊಟ್ಟು ನೋಡಿದರು. ಹೆಚ್ಚಿನವರು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಂದೆ ಉಳಿದರೆ, ಕೆಲವೇ ಮಂದಿ ಸುಮಾರು 250 ಮಿಲಿಸೆಕೆಂಡುಗಳಷ್ಟು, ಅಂದರೆ ಒಂದು ಅಕ್ಷರಕ್ಕಿಂತ ತುಸು ಹೆಚ್ಚು ಹಿಂದೆ ಮಾತ್ರ ಉಳಿದು ನುಡಿಯಬಲ್ಲವರಾಗಿದ್ದರು.

ಇಷ್ಟು ಹತ್ತಿರದಿಂದ ನುಡಿಯುವವರು ಗಿಣಿಯಂತೆ ಧ್ವನಿಯನ್ನಷ್ಟೇ ಒಪ್ಪಿಸುತ್ತಿರಬೇಕು ಎಂದು ಯಾರಿಗಾದರೂ ಅನಿಸಬಹುದು. ಅವರು ಮಾಡಿದ ತಪ್ಪುಗಳು ಬೇರೆಯದನ್ನೇ ಹೇಳಿದವು. ಅವರು ಪದವನ್ನು ತಪ್ಪಿ ನುಡಿದಾಗಲೂ ಆ ಪದ ವಾಕ್ಯದ ವ್ಯಾಕರಣಕ್ಕೂ ಅರ್ಥಕ್ಕೂ ಹೊಂದುವಂಥದ್ದೇ ಆಗಿರುತ್ತಿತ್ತು. ಎಂದರೆ ಕಾಲು ಸೆಕೆಂಡಿನೊಳಗೇ ಅವರು ವಾಕ್ಯವನ್ನು ತಮ್ಮೊಳಗೆ ಕಟ್ಟುತ್ತಿದ್ದರು. 1978ರಲ್ಲಿ ಮಾರ್ಸ್ಲೆನ್-ವಿಲ್ಸನ್ ಮತ್ತು ವೆಲ್ಷ್ ಇದನ್ನು ಇನ್ನೊಂದು ಬಗೆಯಲ್ಲಿ ಸ್ಥಾಪಿಸಿದರು. ಮುದ್ರಿಕೆಯಲ್ಲಿ ಬೇಕೆಂದೇ ತಪ್ಪಾಗಿ ಉಚ್ಚರಿಸಿದ ಪದಗಳನ್ನು ಸೇರಿಸಿದಾಗ ನೆರಳುನುಡಿಯುವವರು ಎಷ್ಟೋ ಕಡೆ ತಡವರಿಸದೆ, ತಾವು ತಿದ್ದುತ್ತಿದ್ದೇವೆಂಬ ಸೂಚನೆಯೂ ಇಲ್ಲದೆ, ಸರಿಯಾದ ರೂಪವನ್ನೇ ನುಡಿದರು.

ಸ್ವಭಾಷೆಯ ಗ್ರಹಿಕೆಯ ಬಗ್ಗೆ ಹೇಳಿದ ಈ ಫಲಿತಾಂಶಕ್ಕೆ ಪರಭಾಷೆಯ ಕಲಿಕೆಯಲ್ಲಿ ಕಹಿಯಾದ ಒಂದು ಅನ್ವಯವಿದೆ ಎಂದು ನಾವು ಭಾವಿಸುತ್ತೇವೆ. ಕೇಳಿದ್ದನ್ನು ತನ್ನ ಮನಸ್ಸಿನಲ್ಲಿರುವ ರೂಪಕ್ಕೆ ತಿದ್ದಿ ನುಡಿಯುವುದು ನೆರಳುನುಡಿಯ ಸ್ವಭಾವವಾದರೆ, ಕಲಿಯುವವನ ಮನಸ್ಸಿನಲ್ಲಿರುವ ರೂಪವೇ ಅರೆಬರೆಯಾಗಿದ್ದಾಗ ಅವನು ಸರಿಯಾದದ್ದನ್ನು ಕೇಳಿ ತನ್ನದಕ್ಕೆ ತಿದ್ದುತ್ತಾನೆ. ಅವನಿಗೂ ಅದು ತಡವರಿಕೆಯಿಲ್ಲದ, ಯಶಸ್ವಿಯಾದ ಅನುಕರಣೆ ಎಂದೇ ಅನ್ನಿಸುತ್ತದೆ. ವಾರಗಟ್ಟಲೆ ನೆರಳುನುಡಿದರೂ ಅದೇ ತಪ್ಪು ಉಳಿಯುವುದು ಉದಾಸೀನದಿಂದಲ್ಲ. ಅದು ಅವನ ಕಿವಿಗೆ ತಪ್ಪೆಂದು ಬೀಳುವುದೇ ಇಲ್ಲ.

1998ರಲ್ಲಿ ಸ್ಟೀಫನ್ ಗೋಲ್ಡಿಂಗರ್ ಪ್ರಕಟಿಸಿದ ಪ್ರಯೋಗಗಳು ಅಂತರದ ಪ್ರಶ್ನೆಗೆ ಇನ್ನೊಂದು ಮುಖವನ್ನು ಸೇರಿಸಿದವು. ಒಂದು ಪದವನ್ನು ಕೇಳಿದ ಕೂಡಲೇ ನುಡಿದವರ ಉಚ್ಚಾರಣೆ ಕೇಳಿದ ಧ್ವನಿಯ ಗುಣವನ್ನು ಹೋಲುವತ್ತ ಸರಿಯಿತು. ಕೆಲವೇ ಸೆಕೆಂಡು ಕಾದು ನುಡಿದಾಗ ಆ ಹೋಲಿಕೆ ಕುಗ್ಗಿತು. ಮಾದರಿಯ ಧ್ವನಿ ನಮ್ಮ ಮಾತಿನ ಮೇಲೆ ಬೀರುವ ಪ್ರಭಾವ ನಿಜ, ಆದರೆ ಅದರ ಬಹುಭಾಗ ಆ ಕ್ಷಣಕ್ಕೆ ಸೇರಿದ್ದು. ಪರೀಕ್ಷಾರ್ಥಿಗೆ ಇದರ ಅರ್ಥ ಸ್ಪಷ್ಟ: ಮುದ್ರಿಕೆ ಕಿವಿಯಲ್ಲಿ ನಡೆಯುತ್ತಿರುವಾಗ ಬಂದ ಏರಿಳಿತ ಎರವಲು ತಂದದ್ದಿರಬಹುದು; ಅದು ತನ್ನದಾಗಿದೆಯೇ ಎಂಬುದನ್ನು ಮುದ್ರಿಕೆ ನಿಂತ ಮೇಲೆ ಮಾತ್ರ ತಿಳಿಯಬಹುದು.

ತರಗತಿಗೆ ಬಂದ ದಾರಿ

ಪ್ರಯೋಗಶಾಲೆಯಿಂದ ನೆರಳುನುಡಿ ಮೊದಲು ಹೊಕ್ಕದ್ದು ಏಕಕಾಲಿಕ ಭಾಷಾಂತರಕಾರರ ತರಬೇತಿಯನ್ನು. ಕೇಳುತ್ತಲೇ ಮಾತಾಡುವ ಕೌಶಲಕ್ಕೆ ಅದು ಪೂರ್ವಾಭ್ಯಾಸವೆಂದು ಕೆಲವು ಬೋಧಕರು ಎಣಿಸಿದರು. ಅರ್ಥವನ್ನು ಬಿಟ್ಟು ಪದಕ್ಕೆ ಜೋತುಬೀಳುವುದನ್ನೇ ಅದು ಕಲಿಸೀತೆಂದು ಇನ್ನು ಕೆಲವರು ಆಕ್ಷೇಪಿಸಿದರು. ಈ ವಾದದಿಂದ ನಮಗೆ ಉಳಿದ ಉಪಯುಕ್ತ ಭೇದವೊಂದಿದೆ. ಕೇಳಿದ ಧ್ವನಿಯನ್ನು ಒಡನೆಯೇ ನುಡಿಯುವುದು ಒಂದು. ಅರ್ಥವಾಗುವಷ್ಟು ಪದಗುಚ್ಛ ಕಿವಿಗೆ ಬೀಳುವವರೆಗೆ ಹಿಂದುಳಿದು ಬಳಿಕ ನುಡಿಯುವುದು ಇನ್ನೊಂದು. ಮೊದಲನೆಯದು ಮಾದರಿಯ ನಾದಕ್ಕೆ ಹತ್ತಿರ, ಎರಡನೆಯದು ತಾನೇ ಕಟ್ಟುವ ಮಾತಿಗೆ ಹತ್ತಿರ.

ಭಾಷಾತರಗತಿಯಲ್ಲಿ ನೆರಳುನುಡಿಗೆ ವ್ಯವಸ್ಥಿತ ಸ್ಥಾನ ದೊರೆತದ್ದು ಮುಖ್ಯವಾಗಿ ಜಪಾನಿನಲ್ಲಿ, 1990ರ ದಶಕದಿಂದ ಈಚೆಗೆ. ಅಲ್ಲಿ ತಮಾಯ್ ಕೆನ್, ಕದೋತ ಶೂಹೇಯ್ ಮೊದಲಾದವರು ಅದನ್ನು ಮುಖ್ಯವಾಗಿ ಆಲಿಕೆಯ ಅಭ್ಯಾಸವಾಗಿ ವಿವರಿಸಿದರು. ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಮುಂದಿಟ್ಟ ಕಾರ್ಯಸ್ಮೃತಿಯ ಮಾದರಿಯಿಂದ ಬೆಳೆದ ಕಲ್ಪನೆಯೊಂದು ಅವರಿಗೆ ಆಧಾರವಾಯಿತು. ಕೇಳಿದ ಧ್ವನಿಯನ್ನು ಮನಸ್ಸು ಕೆಲಕ್ಷಣ ತನ್ನೊಳಗೇ ನುಡಿದುಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ನೆರಳುನುಡಿ ಈ ಒಳನುಡಿಯನ್ನು ಹೊರತಂದು ಚುರುಕುಗೊಳಿಸುತ್ತದೆ. ಧ್ವನಿಯನ್ನು ಗುರುತಿಸಲು ವ್ಯಯವಾಗುತ್ತಿದ್ದ ಗಮನ ಆಗ ಅರ್ಥಕ್ಕೆ ಉಳಿಯುತ್ತದೆ. ಮಾತಿನ ಪರೀಕ್ಷೆಗೆಂದು ಇಂದು ಬಳಸುವ ಈ ಕ್ರಮ ತರಗತಿಯಲ್ಲಿ ಮೊದಲು ಬೇರುಬಿಟ್ಟದ್ದು ಕೇಳುವ ಕೌಶಲದ ಹೆಸರಿನಲ್ಲಿ ಎಂಬುದು ಗಮನಾರ್ಹ.

ಜಪಾನಿನ ಬೋಧಕರು ಚೆರ್ರಿಯ ಏಕಸ್ವರಕ್ಕೆ ಪರಿಹಾರವನ್ನೂ ಕಂಡುಕೊಂಡರು. ಅವರು ನೆರಳುನುಡಿಯನ್ನು ಮೆಟ್ಟಿಲುಗಳಾಗಿ ಒಡೆದರು. ಮೊದಲು ಕೇವಲ ಕೇಳುವುದು. ಬಳಿಕ ಧ್ವನಿಯೆತ್ತದೆ ಗುಣುಗುಣಿಸುತ್ತ ಹಿಂಬಾಲಿಸುವುದು. ಅನಂತರ ಬರೆದ ಪಠ್ಯವನ್ನು ಮುಂದಿಟ್ಟುಕೊಂಡು ಮುದ್ರಿಕೆಯೊಂದಿಗೇ ಓದುವುದು. ಆಮೇಲೆ ಪಠ್ಯವನ್ನು ಬದಿಗಿಟ್ಟು ಲಯ, ಒತ್ತು, ಏರಿಳಿತಗಳ ಮೇಲೆ ಗಮನವಿಟ್ಟು ನೆರಳುನುಡಿಯುವುದು. ಕಡೆಗೆ ಅರ್ಥದ ಮೇಲೆ ಗಮನವಿಟ್ಟು ನೆರಳುನುಡಿಯುವುದು. ಈ ಮೆಟ್ಟಿಲುಗಳನ್ನು ಹತ್ತಿಬಂದವನಿಗೆ ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದು ಮೊದಲೇ ತಿಳಿದಿರುತ್ತದೆ. ಚೆರ್ರಿಯ ಕೇಳುಗನಿಗೆ ಇಲ್ಲದಿದ್ದದ್ದು ಇದೇ. ಏರಿಳಿತ ಮರಳಿ ಬರುವುದು ನೆರಳುನುಡಿಯಿಂದಲ್ಲ, ನೆರಳುನುಡಿಗೆ ಮೊದಲೇ ಆದ ಪಠ್ಯಪರಿಚಯದಿಂದ ಎಂದು ಹೇಳಿದರೂ ಅತಿಶಯೋಕ್ತಿಯಲ್ಲ.

ಎರವಲಿನ ಏರಿಳಿತ ಸ್ವಂತ ಮಾತಿಗೆ ಇಳಿಯುತ್ತದೆಯೇ ಎಂಬುದನ್ನು ನೇರವಾಗಿ ಪರಿಶೀಲಿಸಿದ ಅಧ್ಯಯನಗಳಲ್ಲಿ ಜೆನಿಫರ್ ಫೂಟ್ ಮತ್ತು ಕಿಮ್ ಮೆಕ್‌ಡೊನಾ 2017ರಲ್ಲಿ ಪ್ರಕಟಿಸಿದ್ದು ಉಲ್ಲೇಖಾರ್ಹ. 16 ಮಂದಿ ಇಂಗ್ಲಿಷ್ ಕಲಿಯುವವರು ಎಂಟು ವಾರ, ವಾರಕ್ಕೆ ಕನಿಷ್ಠ ನಾಲ್ಕು ಬಾರಿ, ಪ್ರತಿಬಾರಿ ಕನಿಷ್ಠ ಹತ್ತು ನಿಮಿಷ ಕಿರುಸಂಭಾಷಣೆಗಳನ್ನು ನೆರಳುನುಡಿದರು. ಮಾದರಿಯಿಲ್ಲದೆ ಅವರಾಗಿಯೇ ಆಡಿದ ಮಾತನ್ನು ಕೇಳಿದವರ ತೀರ್ಪಿನಲ್ಲಿ ಮಾತಿನ ಸುಗ್ರಾಹ್ಯತೆಯೂ ನಿರರ್ಗಳತೆಯೂ ಹೆಚ್ಚಿದವು. ಪರಭಾಷಿಕ ಛಾಯೆ ಮಾತ್ರ ಮೊದಲಿದ್ದಷ್ಟೇ ಉಳಿಯಿತು. ಗುಂಪು ಸಣ್ಣದು, ಆದರೆ ಫಲಿತಾಂಶ ಮೇಲಿನ ಇತಿಹಾಸದೊಂದಿಗೆ ಹೊಂದುತ್ತದೆ. ಕಿವಿ ತನಗರಿವಿಲ್ಲದೆ ತಿದ್ದಿಕೊಳ್ಳುವ ಬಿಡಿಧ್ವನಿಗಳು ಕದಲುವುದಿಲ್ಲ. ನಿಲುಗಡೆ, ವೇಗ, ಗುಚ್ಛ ಕಟ್ಟುವಿಕೆ ಕದಲುತ್ತವೆ.

ಒಂದು ವಾಕ್ಯದ ಪರೀಕ್ಷೆ

ಪರೀಕ್ಷೆಗೆ ಮುಂಚಿನ ನಾಲ್ಕು ವಾರಗಳಲ್ಲಿ ಇದು ಹೇಗೆ ನಡೆಯಬಹುದೆಂಬುದನ್ನು ಒಂದು ನಿದರ್ಶನದಿಂದ ನೋಡೋಣ. ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗ 11ರಿಂದ 14 ನಿಮಿಷದ್ದು. ಅದರ ಎರಡನೆಯ ಖಂಡದಲ್ಲಿ ಅಭ್ಯರ್ಥಿಗೆ ಒಂದು ವಿಷಯದ ಚೀಟಿ ಕೊಟ್ಟು, ಒಂದು ನಿಮಿಷ ಸಿದ್ಧತೆಗೆ ಬಿಟ್ಟು, ಒಂದರಿಂದ ಎರಡು ನಿಮಿಷ ತಾನೊಬ್ಬನೇ ಮಾತಾಡುವಂತೆ ಹೇಳುತ್ತಾರೆ. ನಾಲ್ಕು ಮಾನದಂಡಗಳಲ್ಲಿ ಒಂದು ನಿರರ್ಗಳತೆ ಮತ್ತು ಸುಸಂಬದ್ಧತೆ, ಇನ್ನೊಂದು ಉಚ್ಚಾರಣೆ. ಎರಡನೆಯದರಲ್ಲಿ ಒತ್ತು, ಲಯ, ಏರಿಳಿತಗಳೂ ಸೇರುತ್ತವೆ. ಕನ್ನಡ ಮನೆಮಾತಿನ ಒಬ್ಬ ಅಭ್ಯರ್ಥಿ ಈ ಖಂಡಕ್ಕೆ ಸಿದ್ಧವಾಗುತ್ತಿದ್ದಾನೆಂದು, ಅವನು ಆರಿಸಿಕೊಂಡ ಒಂದು ನಿಮಿಷದ ಮುದ್ರಿಕೆಯಲ್ಲಿ ಈ ವಾಕ್ಯವಿದೆಯೆಂದು ಭಾವಿಸೋಣ: "ಐ ವಾಂಟೆಡ್ ಟು ಸ್ಟಡಿ ಮ್ಯೂಸಿಕ್, ಬಟ್ ಮೈ ಫಾದರ್ ವಾಂಟೆಡ್ ಮಿ ಟು ಸ್ಟಡಿ ಮೆಡಿಸಿನ್."

ಈ ವಾಕ್ಯದ ಉತ್ತರಾರ್ಧದಲ್ಲಿ ಇಂಗ್ಲಿಷ್ ಮಾತುಗಾರನ ಸ್ವರ 'ಫಾದರ್' ಎಂಬಲ್ಲಿ ಒಮ್ಮೆ ಏರುತ್ತದೆ, 'ಮೆಡಿಸಿನ್' ಎಂಬುದರ ಮೊದಲಕ್ಷರದಲ್ಲಿ ಮತ್ತೊಮ್ಮೆ ಏರಿ ಇಳಿಯುತ್ತದೆ. ನಡುವಿನ 'ವಾಂಟೆಡ್ ಮಿ ಟು ಸ್ಟಡಿ' ತಗ್ಗಿನಲ್ಲಿ ಬೇಗಬೇಗನೆ ಸಾಗುತ್ತದೆ. ಅದು ಪೂರ್ವಾರ್ಧದಲ್ಲಿಯೇ ಬಂದುಹೋದ ಮಾತು. ಇದೇ ಸಂಗತಿಯನ್ನು ಕನ್ನಡದಲ್ಲಿ ನಾವು "ನನಗೆ ಸಂಗೀತ ಕಲಿಯುವ ಆಸೆಯಿತ್ತು, ಅಪ್ಪನಿಗೆ ವೈದ್ಯಕೀಯ" ಎನ್ನಬಲ್ಲೆವು. ಇಂಗ್ಲಿಷ್ ತಗ್ಗಿಸಿ ಹೇಳುವುದನ್ನು ಕನ್ನಡ ಇಡಿಯಾಗಿ ಬಿಟ್ಟುಬಿಡುತ್ತದೆ. ಒತ್ತಿ ಹೇಳಬೇಕಾದಾಗಲೂ ಕನ್ನಡದಲ್ಲಿ ಅವಧಾರಣೆಯ 'ಏ', ಸಮುಚ್ಚಯದ 'ಊ' ಸಿದ್ಧವಾಗಿವೆ: "ಅಪ್ಪನೇ ಹೇಳಿದರು", "ಅಪ್ಪನೂ ಹೇಳಿದರು". ಇಂಗ್ಲಿಷಿನಲ್ಲಿ ಸ್ವರವೊಂದೇ ಹೊರುವ ಭಾರವನ್ನು ಇಲ್ಲಿ ಪ್ರತ್ಯಯ ಹೊರುತ್ತದೆ. ಹೀಗಾಗಿ ಹೇಳಲೇಬೇಕಾದ ಆದರೆ ತಗ್ಗಿಸಿ ಹೇಳಬೇಕಾದ ಪದ ಎಂಬ ವರ್ಗ ಈ ಅಭ್ಯರ್ಥಿಗೆ ಅಷ್ಟಾಗಿ ಅಭ್ಯಾಸವಿಲ್ಲದ್ದು. ಅವನ ಇಂಗ್ಲಿಷಿನಲ್ಲಿ 'ಫಾದರ್', 'ವಾಂಟೆಡ್', 'ಸ್ಟಡಿ', 'ಮೆಡಿಸಿನ್' ನಾಲ್ಕೂ ಸಮನಾಗಿ ತಲೆಯೆತ್ತುತ್ತವೆ. ಕೇಳುವವರಿಗೆ ಎಲ್ಲವೂ ಹೊಸ ಸುದ್ದಿಯಾಗಿ ತೋರಿ, ಯಾವುದು ಮುಖ್ಯವೆಂದು ತಿಳಿಯುವುದಿಲ್ಲ.

ಮೊದಲ ವಾರ ಅವನು ನೆರಳುನುಡಿಯಲಾಗದು. ಮುದ್ರಿಕೆಯನ್ನು ಕೇಳುತ್ತ ಪಠ್ಯದಲ್ಲಿ ಏರುವ ಅಕ್ಷರಗಳನ್ನೂ ತಗ್ಗುವ ಗುಚ್ಛಗಳನ್ನೂ ಗುರುತು ಮಾಡಬೇಕು, ಗುಣುಗುಣಿಸಬೇಕು. ಪದ ಬಿಟ್ಟು 'ಹೂಂ' ಎಂಬ ದನಿಯಲ್ಲಿ ಏರಿಳಿತವನ್ನಷ್ಟೇ ಹಿಂಬಾಲಿಸಿದರೆ ತಗ್ಗು ಎಲ್ಲಿದೆಯೆಂಬುದು ಕಿವಿಗೆ ಬೀಳುತ್ತದೆ. ಎರಡನೆಯ ವಾರ ಪಠ್ಯ ನೋಡುತ್ತ, ಅನಂತರ ನೋಡದೆ, ಏರಿಳಿತಕ್ಕೆ ಗಮನವಿಟ್ಟು ನೆರಳುನುಡಿಯಬೇಕು. ತನ್ನ ದನಿಯೇ ಮಾದರಿಯನ್ನು ಮುಚ್ಚಿಹಾಕುವ ತೊಂದರೆ ಇಲ್ಲಿ ಸಾಮಾನ್ಯ. ದನಿಯನ್ನು ತಗ್ಗಿಸಿಕೊಂಡು ಮಾದರಿಯೂ ತನ್ನ ಮಾತೂ ಎರಡೂ ಕೇಳುವಂತೆ ನೋಡಿಕೊಳ್ಳಬೇಕು. ಅಂತರ ಒಂದು ಸೆಕೆಂಡನ್ನು ದಾಟಿತೆಂದರೆ ಅವನು ಪದಗಳನ್ನು ನೆನಪಿನಲ್ಲಿ ಪೇರಿಸಿಕೊಳ್ಳುತ್ತಿದ್ದಾನೆ ಎಂದು ತಿಳಿಯಬೇಕು. ಪದಗಳು ಉಳಿದು ಏರಿಳಿತ ಚಪ್ಪಟೆಯಾಗುವುದು ಆಗಲೇ. ಮೂರನೆಯ ವಾರ ಅರ್ಥಕ್ಕೆ ಗಮನ ಕೊಟ್ಟು ನುಡಿದು, ಮುದ್ರಿಕೆ ನಿಲ್ಲಿಸಿ, ಅದೇ ಸಂಗತಿಯನ್ನು ತನ್ನ ಮಾತಿನಲ್ಲಿ ಹೇಳಬೇಕು. ನಾಲ್ಕನೆಯ ವಾರ ಆ ಮುದ್ರಿಕೆಯನ್ನು ಬಿಟ್ಟು, ಬೇರೆ ಬೇರೆ ಚೀಟಿಗಳ ಮೇಲೆ ಒಂದು ನಿಮಿಷ ಯೋಚಿಸಿ ಎರಡು ನಿಮಿಷ ಮಾತಾಡಬೇಕು.

ಏರಿಳಿತ ತನ್ನದಾಗಿದೆಯೇ ಎಂದು ನೋಡಲು ಪ್ರಾಟ್‌ನಂಥ ಉಚಿತ ತಂತ್ರಾಂಶ ಸಾಕು. ಮೂರು ಧ್ವನಿಮುದ್ರಣಗಳನ್ನು ಹೋಲಿಸಬೇಕು: ಅಭ್ಯಾಸ ಆರಂಭಿಸುವ ಮೊದಲು ಅದೇ ವಾಕ್ಯವನ್ನು ಓದಿದ್ದು, ನೆರಳುನುಡಿಯುತ್ತಿರುವಾಗಿನದು, ಮತ್ತು ಕೊನೆಯ ನೆರಳುನುಡಿಯಾಗಿ ಒಂದು ದಿನ ಕಳೆದ ಮೇಲೆ ಮುದ್ರಿಕೆಯಿಲ್ಲದೆ ನುಡಿದದ್ದು. ಹೋಲಿಸುವಾಗ ಹರ್ಟ್ಸ್ ಅಳತೆಯನ್ನು ನೇರವಾಗಿ ಬಳಸಬಾರದು. ಮಾದರಿ ಹೆಣ್ಣುಧ್ವನಿಯಾಗಿ 200ರಿಂದ 300 ಹರ್ಟ್ಸ್‌ಗೆ ಏರಿದರೆ, ಗಂಡಸೊಬ್ಬ 100ರಿಂದ 150ಕ್ಕೆ ಏರಿದಾಗ ಅಷ್ಟೇ ಏರಿದಂತಾಯಿತು. ಎರಡೂ ಸುಮಾರು 7 ಅರ್ಧಸ್ವರಗಳು. ಸಂಗೀತದ ಮಾತಿನಲ್ಲಿ ಷಡ್ಜದಿಂದ ಪಂಚಮಕ್ಕೆ ಏರಿದಂತೆ. ಲೆಕ್ಕ ಇದು:

```
12 × log2(f2 / f1)
```

ನಮ್ಮ ಅಭ್ಯರ್ಥಿ ಮೊದಲ ಮುದ್ರಣದಲ್ಲಿ 'ವಾಂಟೆಡ್' ಪದವನ್ನು 110 ಹರ್ಟ್ಸ್‌ನಲ್ಲಿಯೂ 'ಮೆಡಿಸಿನ್' ಪದವನ್ನು 120ರಲ್ಲಿಯೂ ನುಡಿದಿದ್ದರೆ ಅವೆರಡರ ಅಂತರ ಸುಮಾರು 1.5 ಅರ್ಧಸ್ವರ ಮಾತ್ರ. ಕಿವಿಗೆ ಎರಡೂ ಬಹುತೇಕ ಒಂದೇ ಎತ್ತರ. ನೆರಳುನುಡಿಯುವಾಗ ಅದು 5 ಅರ್ಧಸ್ವರಕ್ಕೆ ಹಿಗ್ಗಿ, ಮರುದಿನ ಮತ್ತೆ 1.5ಕ್ಕೆ ಕುಗ್ಗಿದರೆ ಆ ಏರಿಳಿತ ಎರವಲಿನದು. ಅವನು ಎರಡನೆಯ ವಾರದ ಕೆಲಸಕ್ಕೆ ಹಿಂತಿರುಗಬೇಕು. 4ರ ಆಸುಪಾಸಿನಲ್ಲಿ ನಿಂತರೆ ಅದು ಅವನದಾಗತೊಡಗಿದೆ. ಆಗಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಅಪ್ಪ, ಸಂಗೀತ, ವೈದ್ಯಕೀಯ ಯಾವುದೂ ಇಲ್ಲದ ಹೊಸ ವಿಷಯದಲ್ಲಿ, ಒಮ್ಮೆ ಬಂದ ಪದ ಮರಳಿ ಬಂದಾಗ ಅವನ ಸ್ವರ ತಗ್ಗುತ್ತದೆಯೇ? ಅಲ್ಲಿ ತಗ್ಗಿದರೆ ಅವನು ವಾಕ್ಯವನ್ನಲ್ಲ, ನಿಯಮವನ್ನು ಕಲಿತಿದ್ದಾನೆ.

ನಿರರ್ಗಳತೆಗೂ ಇಂಥದೇ ಒಂದು ಗುರುತಿದೆ. ಒಟ್ಟು ನಿಲುಗಡೆಗಳನ್ನು ಎಣಿಸುವುದಕ್ಕಿಂತ ಅವು ಎಲ್ಲಿವೆ ಎಂಬುದನ್ನು ನೋಡಬೇಕು. ಉಪವಾಕ್ಯಗಳ ನಡುವೆ ನಿಲ್ಲುವುದು ಸ್ವಭಾಷಿಕರ ಮಾತಿನಲ್ಲೂ ಉಂಟು. ಉಪವಾಕ್ಯದ ಒಳಗೆ, ಪದ ಹುಡುಕುತ್ತ ನಿಲ್ಲುವುದೇ ಕೇಳುವವರಿಗೆ ತೊಡಕಾಗಿ ಕೇಳಿಸುತ್ತದೆ. ನೆರಳುನುಡಿಯುವಾಗ ಎರಡನೆಯ ಬಗೆಯ ನಿಲುಗಡೆ ತಾನಾಗಿಯೇ ಮಾಯವಾಗುತ್ತದೆ, ಏಕೆಂದರೆ ಪದ ಹುಡುಕುವ ಕೆಲಸವನ್ನು ಮುದ್ರಿಕೆಯೇ ಮಾಡಿಕೊಡುತ್ತದೆ. ಆದ್ದರಿಂದ ಅದನ್ನು ಅಳೆಯಬೇಕಾದದ್ದೂ ನಾಲ್ಕನೆಯ ವಾರದ ಸ್ವಂತ ಮಾತಿನಲ್ಲಿಯೇ.

ಮಿತಿಗಳು

ಮೇಲಿನ ಎಂಟು ವಾರಗಳ ಅಧ್ಯಯನದ ಕನಿಷ್ಠ ಅಭ್ಯಾಸವನ್ನು ಕೂಡಿದರೆ 320 ನಿಮಿಷವಾಗುತ್ತದೆ. ನಾಲ್ಕು ವಾರವಷ್ಟೇ ಕೈಯಲ್ಲಿರುವವನು ಅದೇ ಗತಿಯಲ್ಲಿ ನಡೆದರೆ ಅವನಿಗೆ ದೊರೆಯುವುದು 160 ನಿಮಿಷ. ಅಷ್ಟರಲ್ಲಿ ಅವನು ನಿರೀಕ್ಷಿಸಬಹುದಾದದ್ದು ಗುಚ್ಛ ಕಟ್ಟುವಿಕೆ, ನಿಲುಗಡೆಯ ಸ್ಥಾನ, ಒಂದೆರಡು ಏರಿಳಿತದ ವಿನ್ಯಾಸಗಳನ್ನೇ ಹೊರತು ಉಚ್ಚಾರಣೆಯ ಪೂರ್ಣ ಪರಿವರ್ತನೆಯನ್ನಲ್ಲ. ಹತ್ತು ಮುದ್ರಿಕೆಗಳನ್ನು ಒಂದೊಂದು ಬಾರಿ ನೆರಳುನುಡಿಯುವವನು ಹತ್ತು ಬಾರಿಯೂ ಚೆರ್ರಿಯ ಕೇಳುಗನ ಸ್ಥಿತಿಯಲ್ಲಿಯೇ ಇರುತ್ತಾನೆ. ಒಂದೇ ಮುದ್ರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತು ಬಾರಿ ನಡೆಸುವವನು ಆ ಸ್ಥಿತಿಯಿಂದ ಹೊರಬರುತ್ತಾನೆ. ಇದರ ಎದುರು ತುದಿಯ ಅಪಾಯವೂ ಇದೆ. ಮುದ್ರಿಕೆಯ ವಾಕ್ಯಗಳು ಬಾಯಿಪಾಠವಾಗಿ ಪರೀಕ್ಷೆಯಲ್ಲಿ ಹಾಗೆಯೇ ಹೊರಬಿದ್ದರೆ, ಪರೀಕ್ಷಕರು ಕಂಠಪಾಠದ ಮಾತನ್ನು ಗುರುತಿಸುತ್ತಾರೆ. ಸರಾಗವಾಗಿ ಹರಿದ ಒಂದು ವಾಕ್ಯದ ಬಳಿಕ ತಡವರಿಸುವ ಮೂರು ವಾಕ್ಯ ಬಂದರೆ ಆ ಗುರುತು ಇನ್ನೂ ಸುಲಭ.

ಸಂಶೋಧಕರಿಗೂ ಈ ಇತಿಹಾಸದಿಂದ ಒಂದು ಎಚ್ಚರಿಕೆಯಿದೆ. ನೆರಳುನುಡಿ ಹುಟ್ಟಿದ್ದು ಗಮನ ಎಲ್ಲಿದೆ ಎಂಬುದಕ್ಕೆ ಸಾಕ್ಷಿಯಾಗಿ. ಆಲಿಕೆಯ ಅಭ್ಯಾಸವಾಗಿ ಅದು ತರಗತಿಗೆ ಬಂತು. ಮಾತಿನ ಅಭ್ಯಾಸವೆಂಬ ಹೆಸರು ಅದಕ್ಕೆ ಬಂದದ್ದು ಕೊನೆಗೆ. ಪ್ರತಿ ಹೆಜ್ಜೆಯಲ್ಲೂ ಕ್ರಿಯೆ ಅದೇ ಉಳಿದು ಅದರಿಂದ ನಿರೀಕ್ಷಿಸುವ ಫಲ ಬದಲಾಗಿದೆ. ನೆರಳುನುಡಿಯುತ್ತಿರುವಾಗಲೇ ಮಾಡಿದ ಮುದ್ರಣವನ್ನು ಅಳೆದು ಏರಿಳಿತ ಸುಧಾರಿಸಿತೆಂದು ತೀರ್ಮಾನಿಸುವ ಅಧ್ಯಯನ ಮಾದರಿಯ ಧ್ವನಿಯ ಪ್ರಭಾವವನ್ನು ಅಳೆದಿರುತ್ತದೆಯೇ ಹೊರತು ಕಲಿಕೆಯನ್ನಲ್ಲ. ಕಾಲದ ಅಂತರ ಎಷ್ಟಿತ್ತು, ಪಠ್ಯ ಎಷ್ಟು ಪರಿಚಿತವಾಗಿತ್ತು, ಮಾದರಿ ನಿಂತು ಎಷ್ಟು ಹೊತ್ತಿನ ಮೇಲೆ ಮಾತನ್ನು ಮುದ್ರಿಸಲಾಯಿತು ಎಂಬ ಮೂರು ವಿವರಗಳಿಲ್ಲದೆ ಈ ಕ್ಷೇತ್ರದ ಯಾವ ಫಲಿತಾಂಶವನ್ನೂ ಇನ್ನೊಂದರೊಂದಿಗೆ ಹೋಲಿಸಲಾಗದು. ಪರೀಕ್ಷೆಯ ಕೋಣೆಯಲ್ಲಿ ಅಭ್ಯರ್ಥಿಯ ಮುಂದೆ ಚೀಟಿಯೂ ಪರೀಕ್ಷಕರೂ ಇರುತ್ತಾರೆ. ಹಿಂಬಾಲಿಸಲು ಅಲ್ಲಿ ಯಾವ ಧ್ವನಿಯೂ ಇರುವುದಿಲ್ಲ. ನೆರಳುನುಡಿಯ ಫಲವನ್ನು ಅಳೆಯಬೇಕಾದದ್ದೂ ಆ ಸ್ಥಿತಿಯಲ್ಲಿಯೇ.